‘ರದ್ದು’ ಎಂದು ಬರೆಯುವ ಮುನ್ನ: ಒಂದು ಪತ್ರಿಕಾ ಪ್ರಕಟಣೆ ನೂರು ಪದದ ಸುದ್ದಿಯಾಗುವ ಬಗೆ

2023ರ ಮೇ 19, ಶುಕ್ರವಾರ ಸಂಜೆ ಭಾರತೀಯ ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಒಂದು ಪತ್ರಿಕಾ ಪ್ರಕಟಣೆ ಹಾಕಿತು. ಹತ್ತು ಹನ್ನೊಂದು ಪುಟ್ಟ ಪ್ಯಾರಾಗಳ, ಸಪ್ಪೆ ಆಡಳಿತ ಭಾಷೆಯ ಇಂಗ್ಲಿಷ್ ಪ್ರಕಟಣೆ. ವಿಷಯ, 2,000 ರೂಪಾಯಿ ನೋಟುಗಳನ್ನು ಚಲಾವಣೆಯಿಂದ ಹಿಂಪಡೆಯುವುದು. ಪುಟಗಳು ಮುಗಿಯುವ ಹೊತ್ತಿಗೆ ಬರುವ ಇಂಥ ಪ್ರಕಟಣೆಯನ್ನು ಡೆಸ್ಕಿನಲ್ಲಿ ಕೂತ ಇಂಟರ್ನ್ ಕೈಗೆ ಕೊಟ್ಟು, ‘ನೂರು ಪದದಲ್ಲಿ ಕೊಡಿ’ ಎನ್ನುವುದು ಯಾವ ಕಚೇರಿಯಲ್ಲಾದರೂ ನಡೆಯುವ ಸಂಗತಿ. ಪ್ರಕಟಣೆಯನ್ನು ಸಂಕ್ಷಿಪ್ತ ಸುದ್ದಿಯಾಗಿಸುವ ಕೆಲಸವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಏಕೆಂದರೆ ಪ್ರಕಟಣೆಯಲ್ಲಿ ಒಂದು ಸುಳ್ಳೂ ಇರಲಿಲ್ಲ, ಆದರೂ ಅದನ್ನು ಅವಸರದಲ್ಲಿ ಕನ್ನಡಕ್ಕೆ ತಂದರೆ ಸಾಲಿಗೊಂದು ಸುಳ್ಳು ಹುಟ್ಟುವ ಸಾಧ್ಯತೆ ಇತ್ತು.

ಆ ಸಾಧ್ಯತೆ ಎಂಥದ್ದು ಎಂದು ತೋರಿಸಲು ಒಂದು ಕೆಟ್ಟ ಕಾಪಿಯನ್ನು, ಅಂದರೆ ಅಚ್ಚಿಗೆ ಕಳಿಸುವ ಸುದ್ದಿ ಬರಹವನ್ನು, ಇಲ್ಲಿ ಮಾದರಿಗಾಗಿ ಬರೆದಿದ್ದೇವೆ:

‘2,000 ರೂ. ನೋಟು ರದ್ದು. ಮುಂಬೈ: ಕಪ್ಪುಹಣ ತಡೆಯುವ ಉದ್ದೇಶದಿಂದ ಕೇಂದ್ರ ಸರ್ಕಾರ 2,000 ರೂಪಾಯಿ ಮುಖಬೆಲೆಯ ನೋಟುಗಳನ್ನು ರದ್ದುಗೊಳಿಸಿದೆ. ಸಾರ್ವಜನಿಕರು ದಿನಕ್ಕೆ 20,000 ರೂ. ವರೆಗಿನ ನೋಟುಗಳನ್ನು ಸೆ. 30ರೊಳಗೆ ಬದಲಾಯಿಸಿಕೊಳ್ಳಬೇಕು. ನಂತರ ಈ ನೋಟುಗಳಿಗೆ ಬೆಲೆ ಇರುವುದಿಲ್ಲ. ಶೇ 89ರಷ್ಟು ನೋಟುಗಳು ಹಾಳಾಗಿವೆ ಎಂದು ಆರ್‌ಬಿಐ ತಿಳಿಸಿದೆ.’

ಓದಲು ಸಲೀಸಾಗಿದೆ, ಅಳತೆಗೂ ಸರಿಯಾಗಿದೆ. ಆದರೆ ಉದ್ದೇಶ, ನಿರ್ಧಾರ ಮಾಡಿದವರು, ಮಾಡಿದ ಕೆಲಸ, ಮಿತಿ, ಗಡುವಿನ ನಂತರದ ಸ್ಥಿತಿ, ಶೇಕಡಾವಾರು ಎಲ್ಲವೂ ತಪ್ಪು. ಬರೆದವರು ಸುಳ್ಳು ಹೇಳಬೇಕೆಂದು ಹೊರಟವರಲ್ಲ. ಪ್ರತಿ ತಪ್ಪಿಗೂ ಒಂದು ಕಾರಣವಿದೆ. ಆ ಕಾರಣ ಗೊತ್ತಾದರೆ ಮುಂದಿನ ಪ್ರಕಟಣೆಯಲ್ಲಿ ಅದು ಎಲ್ಲಿ ಕಾದು ಕೂತಿದೆ ಎಂದು ಹುಡುಕಬಹುದು.

ಕಾಪಿ ಬರೆಯುವ ಮೊದಲು ಮಾಡಬೇಕಾದ ಕೆಲಸ, ಪ್ರಕಟಣೆ ಅಸಲಿಯೇ ಎಂದು ನೋಡುವುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪಿಡಿಎಫ್ ಎಷ್ಟೇ ನಿಜವೆಂದು ಕಂಡರೂ ಅದರಿಂದ ಬರೆಯಬಾರದು. rbi.org.in ತೆರೆದು, ಪತ್ರಿಕಾ ಪ್ರಕಟಣೆಗಳ ವಿಭಾಗದಲ್ಲಿ ಅದೇ ದಿನಾಂಕದ, ಅದೇ ಶೀರ್ಷಿಕೆಯ ಪ್ರತಿ ಇದೆಯೇ ನೋಡಿ, ಅಲ್ಲಿಂದಲೇ ಇಳಿಸಿಕೊಳ್ಳಬೇಕು. ಇಲಾಖೆಯ ಪ್ರಕಟಣೆಯಾದರೆ ಇಲಾಖೆಯ ಜಾಲತಾಣ ಅಥವಾ ವಾರ್ತಾ ಇಲಾಖೆ, ಕಂಪನಿಯದಾದರೆ ಅದರ ಅಧಿಕೃತ ತಾಣ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಅದು ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಿದ ಮಾಹಿತಿ. ಈ ಕೆಲಸಕ್ಕೆ ಐದು ನಿಮಿಷ ಸಾಕು.

ನಂತರ ಪ್ರಕಟಣೆಯನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಬೇಕು. ಪರದೆಯ ಮೇಲೆ ಕಣ್ಣು ಜಾರುತ್ತದೆ. ಹೆಸರು, ದಿನಾಂಕ, ಅಂಕಿ, ಕ್ರಿಯಾಪದ ಈ ನಾಲ್ಕರ ಕೆಳಗೆ ಗೆರೆ ಎಳೆಯಿರಿ. ಮೊದಲ ಮೂರನ್ನು ಪರಿಶೀಲಿಸಬೇಕೆಂದು ಎಲ್ಲರಿಗೂ ಗೊತ್ತು. ಕ್ರಿಯಾಪದವನ್ನು ಯಾರೂ ಪರಿಶೀಲಿಸುವುದಿಲ್ಲ, ದೊಡ್ಡ ತಪ್ಪುಗಳು ಹುಟ್ಟುವುದು ಅಲ್ಲಿಯೇ.

ನೋಟಿನ ಪ್ರಕರಣವನ್ನೇ ನೋಡಿ. ಪ್ರಕಟಣೆ ಎರಡು ಮಾತು ಹೇಳಿತ್ತು. ಮೂರನೆಯ ಪ್ಯಾರಾದಲ್ಲಿ, ನೋಟುಗಳನ್ನು ಚಲಾವಣೆಯಿಂದ ಹಿಂಪಡೆಯಲು ತೀರ್ಮಾನಿಸಲಾಗಿದೆ. ನಾಲ್ಕನೆಯದರಲ್ಲಿ, ಒಂದೇ ಸಾಲು: ನೋಟುಗಳ ಕಾನೂನು ಮಾನ್ಯತೆ ಮುಂದುವರಿಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಇವೆರಡೂ ಬೇರೆ ಬೇರೆ ಸಂಗತಿಗಳು. ಹಿಂಪಡೆಯುವುದೆಂದರೆ ಬ್ಯಾಂಕಿಗೆ ಬಂದ ನೋಟನ್ನು ಮತ್ತೆ ಜನರಿಗೆ ಕೊಡದೆ ಒಳಗೆ ಇಟ್ಟುಕೊಳ್ಳುವುದು. ಮಾನ್ಯತೆ ತೆಗೆಯುವುದೆಂದರೆ ನೋಟು ಹಣವಾಗಿಯೇ ಉಳಿಯದಂತೆ ಮಾಡುವುದು. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿ ನೋಟುಗಳಿಗೆ ಆದದ್ದು ಎರಡನೆಯದು. ಅದನ್ನು ಮಾಡಿದ್ದು ಕೇಂದ್ರ ಸರ್ಕಾರ, ಆರ್‌ಬಿಐ ಕಾಯ್ದೆಯ 26(2)ನೇ ಸೆಕ್ಷನ್ ಅಡಿ ಅಧಿಸೂಚನೆ ಹೊರಡಿಸಿ. 2023ರಲ್ಲಿ ಅಂಥ ಅಧಿಸೂಚನೆ ಇರಲಿಲ್ಲ, ನಿರ್ಧಾರ ಪ್ರಕಟಿಸಿದ್ದು ಆರ್‌ಬಿಐ. ಆದ್ದರಿಂದ ‘ಕೇಂದ್ರ ಸರ್ಕಾರ ರದ್ದುಗೊಳಿಸಿದೆ’ ಎಂಬ ಮೂರೇ ಪದಗಳಲ್ಲಿ ಎರಡು ತಪ್ಪು ಕೂತಿವೆ. ಬರೆಯುವವರ ನೆನಪಿನಲ್ಲಿ 2016 ಹಸಿಯಾಗಿತ್ತು. ಕಣ್ಣು ಪ್ರಕಟಣೆಯನ್ನು ಓದಿದರೆ ಕೈ ಹಳೆಯ ಸುದ್ದಿಯನ್ನು ಬರೆಯಿತು.

ಇಲ್ಲಿ ಕನ್ನಡದ್ದೇ ಆದ ಒಂದು ತೊಡಕೂ ಇದೆ. ‘ಚಲಾವಣೆಯಿಂದ ಹಿಂಪಡೆಯಲಾಗಿದೆ’ ಎಂಬ ಅನುವಾದ ಅಕ್ಷರಶಃ ಸರಿ. ಆದರೆ ನಮ್ಮ ಸಂತೆ, ಅಂಗಡಿಗಳಲ್ಲಿ ‘ಈ ನೋಟು ಚಲಾವಣೆ ಆಗಲ್ಲ’ ಎಂದರೆ ಯಾರೂ ಇದನ್ನು ತೆಗೆದುಕೊಳ್ಳುವುದಿಲ್ಲ, ಇದು ನಡೆಯುವ ನೋಟಲ್ಲ ಎಂದೇ ಅರ್ಥ. ಅನುವಾದ ಸರಿಯಿದ್ದೂ ಓದುಗರು ತಪ್ಪು ತಿಳಿಯಬಹುದು. ಹಾಗಾಗಿ ಇಂಗ್ಲಿಷ್ ಪ್ರಕಟಣೆಯ ಶೀರ್ಷಿಕೆಯಲ್ಲಿದ್ದರೂ ಒಳಗೆ ನಾಲ್ಕನೇ ಪ್ಯಾರಾದವರೆಗೆ ಕಾದ ಆ ಒಂದು ಸಾಲನ್ನು ಕನ್ನಡದಲ್ಲಿ ಇಂಟ್ರೊಗೇ, ಅಂದರೆ ಸುದ್ದಿಯ ಮೊದಲ ಪ್ಯಾರಾಗೇ, ತರಬೇಕು, ಸಾಧ್ಯವಿದ್ದರೆ ತಲೆಬರಹಕ್ಕೂ. ಪ್ರಕಟಣೆಯ ಕ್ರಮವನ್ನು ಹಾಗೇ ಪಾಲಿಸುವುದು ನಿಷ್ಠೆ ಎಂದು ಹೊಸಬರು ತಿಳಿದಿರುತ್ತಾರೆ. ನಿಷ್ಠೆ ಇರಬೇಕಾದದ್ದು ಅರ್ಥಕ್ಕೆ. ಕೈಯಲ್ಲಿ ನಾಲ್ಕು ಗುಲಾಬಿ ನೋಟು ಹಿಡಿದು ಪೇಪರ್ ಓದುವವರಿಗೆ ಮೊದಲು ಬೇಕಾದ ಉತ್ತರ, ಇದು ಇನ್ನೂ ದುಡ್ಡೇ ಅಲ್ಲವೇ ಎಂಬುದು.

ಎರಡನೆಯ ಬಗೆಯ ತಪ್ಪು, ಪ್ರಕಟಣೆಯಲ್ಲಿ ಇಲ್ಲದ್ದನ್ನು ತುಂಬುವುದು. ಕೆಟ್ಟ ಕಾಪಿಯಲ್ಲಿ ‘ಕಪ್ಪುಹಣ ತಡೆಯುವ ಉದ್ದೇಶದಿಂದ’ ಎಂದಿದೆ. ಪ್ರಕಟಣೆಯಲ್ಲಿ ಕಪ್ಪುಹಣದ ಮಾತೇ ಇಲ್ಲ. ಅಲ್ಲಿ ಕೊಟ್ಟ ಕಾರಣಗಳು ಬೇರೆ: 2016ರಲ್ಲಿ ನಗದಿನ ಕೊರತೆಯನ್ನು ಬೇಗ ತುಂಬಲು ಈ ನೋಟು ತಂದದ್ದು, ಆ ಉದ್ದೇಶ ಈಡೇರಿದ್ದರಿಂದ 2018-19ರಲ್ಲೇ ಮುದ್ರಣ ನಿಂತದ್ದು, ಹೆಚ್ಚಿನ ನೋಟುಗಳ ಆಯುಸ್ಸು ಮುಗಿಯುತ್ತ ಬಂದದ್ದು, ವಹಿವಾಟಿನಲ್ಲಿ ಅವುಗಳ ಬಳಕೆ ಕಡಿಮೆ ಇರುವುದು, ಮತ್ತು ಜನರಿಗೆ ಒಳ್ಳೆಯ ಗುಣಮಟ್ಟದ ನೋಟು ಸಿಗಬೇಕೆಂಬ ಆರ್‌ಬಿಐನ ‘ಸ್ವಚ್ಛ ನೋಟು ನೀತಿ’. ಕಪ್ಪುಹಣದ ಕಾರಣವೂ ಇದ್ದಿರಬಹುದು ಎಂದು ಅರ್ಥಶಾಸ್ತ್ರಜ್ಞರೊಬ್ಬರು ಹೇಳಿದರೆ ಅದು ಅವರ ಹೆಸರಿನಲ್ಲಿ ಹೋಗುವ ಬೇರೆ ಸುದ್ದಿ. ಸಂಕ್ಷಿಪ್ತ ಸುದ್ದಿಯಲ್ಲಿ ‘ಉದ್ದೇಶದಿಂದ’, ‘ಹಿನ್ನೆಲೆಯಲ್ಲಿ’, ‘ಪರಿಣಾಮವಾಗಿ’ ಎಂಬ ಪದ ಬರೆದಾಗಲೆಲ್ಲ ನಿಂತು, ಇದು ಯಾವ ಪ್ಯಾರಾದಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ಬೆರಳಿಡಲು ಜಾಗ ಸಿಗದಿದ್ದರೆ ಪದ ಹೊಡೆದುಹಾಕಬೇಕು.

‘ಸೆ. 30ರ ನಂತರ ಬೆಲೆ ಇರುವುದಿಲ್ಲ’ ಎಂಬುದೂ ಇದೇ ಜಾತಿಯದು. ಸೆಪ್ಟೆಂಬರ್ 30ರವರೆಗೆ ಬ್ಯಾಂಕುಗಳು ಜಮಾ ಮತ್ತು ವಿನಿಮಯದ ಸೌಲಭ್ಯ ಕೊಡಬೇಕು ಎಂದಷ್ಟೇ ಪ್ರಕಟಣೆ ಹೇಳಿತ್ತು. ಅಕ್ಟೋಬರ್ 1ಕ್ಕೆ ಏನಾಗುತ್ತದೆ ಎಂದು ಅದು ಹೇಳಿರಲಿಲ್ಲ. ಗಡುವು ಕಂಡ ಕೂಡಲೇ ಆಚೆಗೆ ಕತ್ತಲೆ ಎಂದು ಊಹಿಸುವುದು ಮನಸ್ಸಿನ ಅಭ್ಯಾಸ. ನಿಜದಲ್ಲಿ ಆದದ್ದೇನು? ಸೆಪ್ಟೆಂಬರ್ 30ರಂದೇ ಆರ್‌ಬಿಐ ಗಡುವನ್ನು ಅಕ್ಟೋಬರ್ 7ಕ್ಕೆ ಮುಂದೂಡಿತು. ಆ ನಂತರ ಬ್ಯಾಂಕ್ ಶಾಖೆಗಳಲ್ಲಿ ಸೌಲಭ್ಯ ನಿಂತರೂ ಆರ್‌ಬಿಐನ 19 ಕಚೇರಿಗಳಲ್ಲಿ ಮುಂದುವರಿಯಿತು. ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿ ಅವುಗಳಲ್ಲೊಂದು. ಅಂಚೆ ಮೂಲಕ ಕಳಿಸಿ ಖಾತೆಗೆ ಜಮಾ ಮಾಡಿಸುವ ದಾರಿಯನ್ನೂ ಆರ್‌ಬಿಐ ತೆರೆಯಿತು. ಮೇ 19ರ ರಾತ್ರಿ ಇದಾವುದೂ ಇಂಟರ್ನ್‌ಗೆ ತಿಳಿಯುವಂತಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ‘ಸೆ. 30ರವರೆಗೆ ಸೌಲಭ್ಯ ಇರಲಿದೆ’ ಎಂದು ಬರೆದು ನಿಲ್ಲಿಸಿದವರ ಕಾಪಿ ಆಮೇಲೂ ಸರಿಯಾಗಿಯೇ ಉಳಿಯಿತು.

‘ದಿನಕ್ಕೆ 20,000’ ಎಲ್ಲಿಂದ ಬಂತು? ಪ್ರಕಟಣೆಯಲ್ಲಿದ್ದದ್ದು ‘ಒಂದು ಬಾರಿಗೆ’ ಎಂದು. ದಿನದ ಮಿತಿ ಇದ್ದದ್ದು ಬೇರೆಡೆ: ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬಿಸಿನೆಸ್ ಕರೆಸ್ಪಾಂಡೆಂಟ್‌ಗಳ ಬಳಿ ಖಾತೆದಾರರು ದಿನಕ್ಕೆ 4,000 ರೂಪಾಯಿವರೆಗೆ ಬದಲಾಯಿಸಿಕೊಳ್ಳಬಹುದು ಎಂಬ ನಿಯಮ. ಅದು ಪ್ರಶ್ನೋತ್ತರದ ಪ್ರತ್ಯೇಕ ದಾಖಲೆಯಲ್ಲಿತ್ತು. ಎರಡು ಕಾಗದಗಳನ್ನು ಒಟ್ಟಿಗೆ ಓದಿ ಒಂದರ ‘ದಿನ’ವನ್ನು ಇನ್ನೊಂದರ ಅಂಕಿಗೆ ಅಂಟಿಸಿದರೆ ಹೀಗಾಗುತ್ತದೆ. ಮಿತಿಯ ಅಂಕಿ ಬರೆಯುವಾಗ ಅದರ ಜೊತೆಗಿರುವ ಪದವನ್ನೂ ಕಿತ್ತು ತರಬೇಕು: ಬಾರಿಗೆ, ದಿನಕ್ಕೆ, ತಲೆಗೆ, ಕುಟುಂಬಕ್ಕೆ, ಎಕರೆಗೆ. ಸರ್ಕಾರಿ ಯೋಜನೆಗಳ ಪ್ರಕಟಣೆಯಲ್ಲಿ ಓದುಗರು ಸರತಿಯಲ್ಲಿ ನಿಂತು ವಾಪಸಾಗುವುದು ಬಹಳ ಸಲ ಈ ಒಂದು ಪದ ಬಿಟ್ಟುಹೋದದ್ದರಿಂದ.

ಕೆಟ್ಟ ಕಾಪಿ ಜಮಾ ಮಾಡುವ ಆಯ್ಕೆಯನ್ನೇ ಬಿಟ್ಟಿದೆ. ಸಂಕ್ಷಿಪ್ತಗೊಳಿಸುವಾಗ ‘ಮತ್ತು/ಅಥವಾ’ ಬಂದಲ್ಲಿ ಅರ್ಧ ಕತ್ತರಿಸುವ ಚಾಳಿ ಸಾಮಾನ್ಯ. ಇಲ್ಲಿ ಬಿಟ್ಟುಹೋದ ಅರ್ಧವೇ ಹೆಚ್ಚು ಜನರಿಗೆ ಬೇಕಾದದ್ದು. ಮರಳಿ ಬಂದ ನೋಟುಗಳಲ್ಲಿ ಸುಮಾರು ಶೇ 87ರಷ್ಟು ಜಮಾ ರೂಪದಲ್ಲಿ ಬಂದವೆಂದು ಪ್ರಮುಖ ಬ್ಯಾಂಕುಗಳ ಮಾಹಿತಿ ಆಧರಿಸಿ ಆರ್‌ಬಿಐ ಮುಂದೆ ತಿಳಿಸಿತು. ಜಮಾಕ್ಕೆ 20,000ದ ಮಿತಿ ಇರಲಿಲ್ಲ. ಹಾಗೆಂದು ‘ಎಷ್ಟು ಬೇಕಾದರೂ ಜಮಾ ಮಾಡಿ’ ಎಂದೂ ಬರೆಯುವಂತಿಲ್ಲ, ಏಕೆಂದರೆ ಅದೇ ವಾಕ್ಯದ ಬಾಲದಲ್ಲಿ ‘ಈಗಿರುವ ಸೂಚನೆ ಮತ್ತು ಅನ್ವಯವಾಗುವ ಕಾನೂನಿಗೆ ಒಳಪಟ್ಟು’ ಎಂದಿತ್ತು. ಒಂದು ದಿನದಲ್ಲಿ 50,000 ರೂಪಾಯಿ ಮೀರಿದ ನಗದು ಜಮಾಕ್ಕೆ ಪ್ಯಾನ್ ಬೇಕೆಂಬ ಆಗಿನ ನಿಯಮ ಆ ಬಾಲದೊಳಗೆ ಬರುತ್ತಿತ್ತು. ‘ಎಂದಿನಂತೆ ಜಮಾ ಮಾಡಬಹುದು’ ಎಂಬ ಸಣ್ಣ ವಾಕ್ಯ ಈ ಎಲ್ಲವನ್ನೂ ಸರಿಯಾಗಿ ಹೊರುತ್ತದೆ.

ಇನ್ನು ಅಂಕಿ. ಪ್ರಕಟಣೆ ಹೇಳಿದ್ದು: 2018ರ ಮಾರ್ಚ್ 31ಕ್ಕೆ ಚಲಾವಣೆಯಲ್ಲಿದ್ದ 2,000 ರೂ. ನೋಟುಗಳ ಮೌಲ್ಯ 6.73 ಲಕ್ಷ ಕೋಟಿ, ಒಟ್ಟು ನೋಟುಗಳ ಶೇ 37.3, 2023ರ ಮಾರ್ಚ್ 31ಕ್ಕೆ 3.62 ಲಕ್ಷ ಕೋಟಿ, ಶೇ 10.8. ಇಂಥ ಕಡೆ ಕ್ಯಾಲ್ಕುಲೇಟರ್ ತೆಗೆದು ಹಿಂದಕ್ಕೆ ಲೆಕ್ಕ ಹಾಕಬೇಕು. 3.62ನ್ನು 0.108ರಿಂದ ಭಾಗಿಸಿದರೆ 33.5 ಬರುತ್ತದೆ. ಅಂದರೆ ಎಲ್ಲ ನೋಟುಗಳ ಒಟ್ಟು ಮೌಲ್ಯ ಸುಮಾರು 33.5 ಲಕ್ಷ ಕೋಟಿ ರೂಪಾಯಿ ಇರಬೇಕು. ಆರ್‌ಬಿಐ ವಾರವಾರ ಹೊರತರುವ ಅಂಕಿಅಂಶ ಪುರವಣಿಯಲ್ಲಿ ನೋಟುಗಳ ಒಟ್ಟು ಮೌಲ್ಯ ಸಿಗುತ್ತದೆ, ಅದರೊಂದಿಗೆ ಹೋಲಿಸಬಹುದು. ಮೇ ಕೊನೆಯಲ್ಲಿ ಬಂದ ವಾರ್ಷಿಕ ವರದಿಯಲ್ಲಿ ಆ ಮೊತ್ತ 33.48 ಲಕ್ಷ ಕೋಟಿ ಎಂದಿತ್ತು. ಲೆಕ್ಕ ತಾಳೆಯಾಯಿತು. ತಾಳೆಯಾಗದಿದ್ದರೆ ಅಂಕಿಯನ್ನು ತಾನೇ ತಿದ್ದದೆ ಪ್ರಕಟಣೆ ಕಳಿಸಿದವರಿಗೆ ಫೋನ್ ಮಾಡಬೇಕು. ಅವರು ಸಿಗದಿದ್ದರೆ ಆ ಅಂಕಿಯನ್ನು ಬಿಟ್ಟೇ ಸುದ್ದಿ ಕೊಡಬೇಕು.

ಈ ಅಂಕಿಗಳಲ್ಲಿ ಇನ್ನೊಂದು ಬಲೆ ಇದೆ. 37.3ರಿಂದ 10.8 ಕಳೆದರೆ 26.5. ಅದನ್ನು ನೋಡಿ ‘2,000 ರೂ. ನೋಟುಗಳ ಚಲಾವಣೆ ಶೇ 26.5ರಷ್ಟು ಇಳಿದಿದೆ’ ಎಂದು ಬರೆದರೆ ತಪ್ಪು. ಮೌಲ್ಯ 6.73ರಿಂದ 3.62ಕ್ಕೆ ಇಳಿದದ್ದು ಶೇ 46ರಷ್ಟು. ಪಾಲು ಅದಕ್ಕಿಂತ ಜೋರಾಗಿ, 37.3ರಿಂದ 10.8ಕ್ಕೆ ಅಂದರೆ ಶೇ 71ರಷ್ಟು, ಕುಸಿದದ್ದಕ್ಕೆ ಕಾರಣ, ಅದೇ ಅವಧಿಯಲ್ಲಿ ಎಲ್ಲ ನೋಟುಗಳ ಒಟ್ಟು ಮೊತ್ತ ಸುಮಾರು 18 ಲಕ್ಷ ಕೋಟಿಯಿಂದ 33 ಲಕ್ಷ ಕೋಟಿ ದಾಟಿದ್ದು. ನೂರು ಪದದ ಸುದ್ದಿಯಲ್ಲಿ ಇದನ್ನೆಲ್ಲ ವಿವರಿಸಲಾಗದು. ಇಂಥಲ್ಲಿ ಹೋಲಿಕೆಯನ್ನೇ ಕೈಬಿಟ್ಟು ಇತ್ತೀಚಿನ ಅಂಕಿಯೊಂದನ್ನೇ ಕೊಡುವುದು ಮೇಲು.

ಶೇ 89ರ ಮಾತಿಗೆ ಬರೋಣ. 2,000 ರೂ. ನೋಟುಗಳಲ್ಲಿ ಸುಮಾರು ಶೇ 89ರಷ್ಟು 2017ರ ಮಾರ್ಚ್‌ಗೆ ಮುಂಚೆ ಬಿಡುಗಡೆಯಾದವು, ಅವು ನಾಲ್ಕೈದು ವರ್ಷದ ಅಂದಾಜು ಆಯುಸ್ಸಿನ ಕೊನೆಯಲ್ಲಿವೆ ಎಂಬುದು ಪ್ರಕಟಣೆಯ ಮಾತು. ಅಂದಾಜು ಆಯುಸ್ಸು ಮುಗಿಯುವುದಕ್ಕೂ ನೋಟು ಹಾಳಾಗುವುದಕ್ಕೂ ವ್ಯತ್ಯಾಸವಿದೆ. ಯಾರೋ ಕಪಾಟಿನಲ್ಲಿ ಮಡಿಸಿಟ್ಟ ನೋಟು ಹೊಸದರಂತೆಯೇ ಇರಬಹುದು. ಹಾಗೆಯೇ ‘ಈ ನೋಟು ವಹಿವಾಟಿನಲ್ಲಿ ಹೆಚ್ಚು ಬಳಕೆಯಾಗುತ್ತಿಲ್ಲ’ ಎಂಬ ಮಾತಿಗೆ ಪ್ರಕಟಣೆ ಅಂಕಿ ಕೊಟ್ಟಿರಲಿಲ್ಲ. ಅಂಥದ್ದನ್ನು ಬಳಸುವುದಾದರೆ ‘ಎಂದು ಆರ್‌ಬಿಐ ಹೇಳಿದೆ’ ಎಂಬುದು ಕಡ್ಡಾಯ. ಆದರೆ ಆ ಮೂರು ಪದ ರಕ್ಷಾಕವಚವಲ್ಲ. ‘ಶೇ 89 ನೋಟುಗಳು ಹಾಳಾಗಿವೆ ಎಂದು ಆರ್‌ಬಿಐ ತಿಳಿಸಿದೆ’ ಎಂದರೆ ಎರಡು ಪಟ್ಟು ತಪ್ಪು: ಸಂಗತಿಯೂ ಸುಳ್ಳು, ಅವರು ಹಾಗೆ ಹೇಳಿದ್ದರು ಎಂಬುದೂ ಸುಳ್ಳು.

ಇಷ್ಟು ಜರಡಿ ಹಿಡಿದ ಮೇಲೆ ಉಳಿಯುವ ಕಾಪಿ ಇದು:

‘2,000 ರೂ. ನೋಟು ಹಿಂಪಡೆಯಲು ಆರ್‌ಬಿಐ ನಿರ್ಧಾರ, ಮಾನ್ಯತೆ ಮುಂದುವರಿಕೆ

ಮುಂಬೈ: 2,000 ರೂಪಾಯಿ ಮುಖಬೆಲೆಯ ನೋಟುಗಳನ್ನು ಚಲಾವಣೆಯಿಂದ ಹಿಂಪಡೆಯಲು ಭಾರತೀಯ ರಿಸರ್ವ್ ಬ್ಯಾಂಕ್ ನಿರ್ಧರಿಸಿದೆ. ಆದರೆ ಈ ನೋಟುಗಳ ಕಾನೂನು ಮಾನ್ಯತೆ ಮುಂದುವರಿಯಲಿದೆ ಎಂದು ಶುಕ್ರವಾರದ ಪ್ರಕಟಣೆಯಲ್ಲಿ ತಿಳಿಸಿದೆ.

ಸಾರ್ವಜನಿಕರು ನೋಟುಗಳನ್ನು ಎಂದಿನಂತೆ ತಮ್ಮ ಖಾತೆಗೆ ಜಮಾ ಮಾಡಬಹುದು. ಅಥವಾ ಮೇ 23ರಿಂದ ಯಾವುದೇ ಬ್ಯಾಂಕ್ ಶಾಖೆಯಲ್ಲಿ ಒಂದು ಬಾರಿಗೆ 20,000 ರೂ. ವರೆಗೆ ಬದಲಾಯಿಸಿಕೊಳ್ಳಬಹುದು. ಬ್ಯಾಂಕುಗಳಲ್ಲಿ ಈ ಸೌಲಭ್ಯ ಸೆ. 30ರವರೆಗೆ ಇರಲಿದೆ. ಇನ್ನು ಮುಂದೆ ಈ ನೋಟುಗಳನ್ನು ವಿತರಿಸದಂತೆ ಬ್ಯಾಂಕುಗಳಿಗೆ ಸೂಚಿಸಲಾಗಿದೆ.

‘ಸ್ವಚ್ಛ ನೋಟು ನೀತಿ’ಯಂತೆ ಈ ಕ್ರಮ ಕೈಗೊಂಡಿರುವುದಾಗಿ ಆರ್‌ಬಿಐ ಹೇಳಿದೆ. ಮಾರ್ಚ್ 31ಕ್ಕೆ 3.62 ಲಕ್ಷ ಕೋಟಿ ರೂ. ಮೌಲ್ಯದ ಈ ನೋಟುಗಳು ಚಲಾವಣೆಯಲ್ಲಿದ್ದವು.’

ಕೊನೆಯ ಪ್ಯಾರಾ ಕೊನೆಯಲ್ಲಿರುವುದು ಬೇಕೆಂದೇ. ಜಾಗ ಸಾಲದೆ ಪುಟ ಕಟ್ಟುವವರು ಕೆಳಗಿನಿಂದ ಕತ್ತರಿಸಿದರೆ ಹೋಗುವುದು ಅಂಕಿ, ಆಮೇಲೆ ಕಾರಣ. ಮಾನ್ಯತೆಯ ಸಾಲು ತಲೆಬರಹದಲ್ಲೂ ಇಂಟ್ರೊದಲ್ಲೂ ಇರುವುದರಿಂದ ಎಷ್ಟೇ ಕತ್ತರಿ ಬಿದ್ದರೂ ಉಳಿಯುತ್ತದೆ. ಕಾಪಿ ತಿದ್ದಿ ಒಪ್ಪಿಗೆ ಕೊಡುವ ಚೀಫ್ ಸಬ್ ಬಳಿ ಅದನ್ನು ಕಳಿಸುವಾಗ ಕೆಳಗೆ, ಮುದ್ರಣಕ್ಕಲ್ಲ ಎಂದು ಗುರುತು ಹಾಕಿ, ಯಾವ ಸಂಗತಿ ಪ್ರಕಟಣೆಯ ಎಷ್ಟನೇ ಪ್ಯಾರಾದಿಂದ ಬಂತು, ಯಾವ ಅಂಕಿಯನ್ನು ಯಾವುದರೊಂದಿಗೆ ತಾಳೆ ನೋಡಲಾಗಿದೆ, ಯಾವುದನ್ನು ನೋಡಲಾಗಿಲ್ಲ ಎಂದು ಮೂರು ಸಾಲು ಬರೆಯಬೇಕು. ಕೊನೆಯದನ್ನು ಬರೆಯಲು ಸಂಕೋಚ ಬೇಡ. ಅದೇ ಅವರಿಗೆ ಹೆಚ್ಚು ಉಪಯೋಗದ ಸಾಲು.

ಪ್ರಕಟಣೆಯ ಮೇಲೆ ಮತ್ತೊಂದು ಪ್ರಕಟಣೆ ಬರುವಾಗ ಹಳೆಯ ಕಾಪಿಯಿಂದ ಅಂಕಿ ಎತ್ತುವುದು ಅಪಾಯ. 2023ರ ಸೆಪ್ಟೆಂಬರ್ 1ರಂದು ಆರ್‌ಬಿಐ ಹೇಳಿತು: ಆಗಸ್ಟ್ 31ರವರೆಗೆ 3.32 ಲಕ್ಷ ಕೋಟಿ ರೂ. ಮೌಲ್ಯದ ನೋಟು ಮರಳಿವೆ, 0.24 ಲಕ್ಷ ಕೋಟಿ ಹೊರಗಿದೆ, ಶೇ 93ರಷ್ಟು ವಾಪಸಾಗಿದೆ. ಮೇ ತಿಂಗಳ ಕಾಪಿ ತೆಗೆದು 3.32ನ್ನು 3.62ರಿಂದ ಭಾಗಿಸಿದರೆ ಶೇ 91.7 ಬರುತ್ತದೆ, ಆರ್‌ಬಿಐ ತಪ್ಪು ಹೇಳಿದೆ ಎಂದು ತೋರುತ್ತದೆ. ತಪ್ಪು ಭಾಜಕದಲ್ಲಿದೆ. 3.62 ಲಕ್ಷ ಕೋಟಿ ಮಾರ್ಚ್ 31ರ ಮೊತ್ತ. ನಿರ್ಧಾರ ಪ್ರಕಟವಾದ ಮೇ 19ಕ್ಕೆ ಅದು 3.56 ಲಕ್ಷ ಕೋಟಿಗೆ ಇಳಿದಿತ್ತು ಎಂದು ಹೊಸ ಪ್ರಕಟಣೆಯಲ್ಲೇ ಇದೆ. 3.56ರಿಂದ ಭಾಗಿಸಿದರೆ ಶೇ 93.3. ಕೂಡಿಸಿ ನೋಡಿದರೂ 3.32 ಮತ್ತು 0.24 ಸೇರಿ 3.56. ಉಳಿದ 0.24 ಲಕ್ಷ ಕೋಟಿಯನ್ನು ಓದುಗರಿಗೆ 24,000 ಕೋಟಿ ಎಂದು ಬಿಡಿಸಿ ಬರೆಯುವುದು ಒಳ್ಳೆಯದು. ಬಿಡಿಸುವಾಗ ಒಂದು ಸೊನ್ನೆ ಜಾರಿ 2,400 ಕೋಟಿ ಆಗುವುದೂ ಇಲ್ಲಿಯೇ. ಆದ್ದರಿಂದ ಬಿಡಿಸಿದ ಅಂಕಿಯನ್ನು ಪಕ್ಕದವರ ಕೈಯಲ್ಲಿ ಒಮ್ಮೆ ಓದಿಸಿ, ಆಮೇಲೆ ಕಾಪಿ ಕಳಿಸಬೇಕು.